ಒಂದು ಗಂಟೆಗೆ ಡಬ್ಬಿ ತೆಗೆದರೆ ಚಪಾತಿ ಒದ್ದೆ, ಪಲ್ಯ ನೀರು: ಏನು ಮಾಡೋದು?

ಡೊಂಬಿವಲಿ ಪೂರ್ವ

ಎಲ್ಲರಿಗೂ ನಮಸ್ಕಾರ. ನಮ್ಮ ಯಜಮಾನರು ಬೆಳಿಗ್ಗೆ 7:20ಕ್ಕೆ ಮನೆ ಬಿಡುತ್ತಾರೆ. ಫೋರ್ಟ್‌ನಲ್ಲಿ ಆಫೀಸು, ಊಟಕ್ಕೆ ಕೂರೋದು ಒಂದು ಗಂಟೆಗೆ. ಡಬ್ಬಿ ಹೆಚ್ಚುಕಡಿಮೆ ಆರು ಗಂಟೆ ಮುಚ್ಚೇ ಇರುತ್ತದೆ. ಅದರಲ್ಲಿ ಒಂದೂಕಾಲು ಗಂಟೆ ಲೋಕಲ್ಲಿನ ನೂಕುನುಗ್ಗಲಲ್ಲಿ.

ನಾನು ಕಟ್ಟೋದು ನಾಲ್ಕು ಚಪಾತಿ, ಒಂದು ಪಲ್ಯ, ಸ್ವಲ್ಪ ಅನ್ನ. ಚಪಾತಿ ಹಂಚಿನಿಂದ ಇಳಿದ ಕೂಡಲೇ ಫಾಯಿಲ್‌ನಲ್ಲಿ ಸುತ್ತಿ ಸ್ಟೀಲ್ ಡಬ್ಬಿಗೆ ಹಾಕುತ್ತೇನೆ. ಡಬ್ಬಿಗೆ ರಬ್ಬರ್ ಇರುವ ಕ್ಲಿಪ್ ಮುಚ್ಚಳ ಇದೆ. ಅವರು ತೆಗೆಯುವ ಹೊತ್ತಿಗೆ ಕೆಳಗಿನ ಚಪಾತಿ ನೆಂದು ಹರಿಯುತ್ತದೆ, ಮೇಲಿನದರ ಅಂಚು ಗಟ್ಟಿಯಾಗಿರುತ್ತದೆ. ಕೋಸಿನ ಪಲ್ಯದ ಕೆಳಗೆ ನೀರು ನಿಂತಿರುತ್ತದೆ. ಈಗ ಮಳೆ ಬೇರೆ ಶುರುವಾಗಿದೆ, ಇನ್ನೂ ಜಾಸ್ತಿ ಆಗಿದೆ.

ಚಪಾತಿ ಹೇಗೆ ಕಟ್ಟಬೇಕು? ಯಾವ ಪಲ್ಯ ನೀರು ಬಿಡಲ್ಲ? ಚಪಾತಿ ಬಿಟ್ಟು ಬೇರೆ ಏನು ಕೊಟ್ಟರೆ ಮಧ್ಯಾಹ್ನದವರೆಗೆ ಚೆನ್ನಾಗಿರುತ್ತದೆ?

ಠಾಣೆ ಘೋಡಬಂದರ್

ಇದಕ್ಕೆಲ್ಲ ಸುಲಭದ ದಾರಿ ಥರ್ಮಸ್ ಥರದ ಡಬ್ಬಿ. ನಾನು ಅದನ್ನೇ ಒಯ್ಯುತ್ತೇನೆ. ಒಳಗೆ ಹಾಕುವ ಮೊದಲು ಕುದಿಯುವ ನೀರು ತುಂಬಿ ಐದು ಹತ್ತು ನಿಮಿಷ ಮುಚ್ಚಿಡಬೇಕು. ಆಮೇಲೆ ನೀರು ಚೆಲ್ಲಿ, ಬಿಸಿ ಬಿಸಿ ಅಡುಗೆ ತುಂಬಬೇಕು. ಮಧ್ಯಾಹ್ನ ತೆಗೆದಾಗಲೂ ಹೊಗೆ ಬರುತ್ತದೆ. ಚಪಾತಿ, ಪಲ್ಯ, ಅನ್ನ, ಎಲ್ಲಕ್ಕೂ ಅದೇ ಒಳ್ಳೆಯದು. ಬಿಸಿ ಇದ್ದರೆ ಕೆಡೋದೂ ಇಲ್ಲ.

ಖಾನಾವಳಿ ಅಕ್ಕ, ಪುಣೆ

ಠಾಣೆಯವರು ಹೇಳಿದ್ದು ಸಾರು, ಹುಳಿ, ಬಿಸಿಬೇಳೆ ಬಾತಿಗೆ ಸರಿ. ಚಪಾತಿಗೆ ಸರಿಯಲ್ಲ. ಬಿಸಿ ಹೊರಗೆ ಹೋಗದ ಡಬ್ಬಿಯಲ್ಲಿ ಹಬೆಯೂ ಹೊರಗೆ ಹೋಗಲ್ಲ. ಆರು ಗಂಟೆ ಚಪಾತಿ ತನ್ನ ಹಬೆಯಲ್ಲೇ ಬೇಯುತ್ತಾ ಕೂರುತ್ತದೆ.

ಪುಣೆಯಲ್ಲಿ ನಮ್ಮದು ಖಾನಾವಳಿ ಇತ್ತು. ನಮ್ಮ ಬೆಳಗಾವಿ, ಧಾರವಾಡ ಕಡೆಯಿಂದ ಓದಲಿಕ್ಕೆ, ಕೆಲಸಕ್ಕೆ ಬಂದ ಹುಡುಗರಿಗೆ ಡಬ್ಬಿ ಕಳಿಸುತ್ತಿದ್ದೆವು. ಒದ್ದೆ ಚಪಾತಿ ವಾಪಸ್ ಬಂದರೆ ಮರುದಿನ ಗಿರಾಕಿ ಇರಲ್ಲ. ಹಾಗಾಗಿ ಇದರ ಹಿಂದೆ ಬಹಳ ತಲೆ ಕೆಡಿಸಿಕೊಂಡಿದ್ದೇವೆ.

ಡೊಂಬಿವಲಿ ತಂಗಿ, ನಿಮ್ಮ ಡಬ್ಬಿಯಲ್ಲಿ ನೀರು ಎಲ್ಲಿಂದ ಬಂತು ಅಂತ ಮೊದಲು ನೋಡಿ. ನಾಳೆ ಡಬ್ಬಿ ಮುಚ್ಚಿ ಹತ್ತು ನಿಮಿಷ ಬಿಟ್ಟು ತೆಗೆಯಿರಿ. ಮುಚ್ಚಳದ ಒಳಬದಿಗೆ ಹನಿ ಕಟ್ಟಿದ್ದರೆ ಅದೇ ಉತ್ತರ. ಬಿಸಿ ಚಪಾತಿಯ ಹಬೆ ತಣ್ಣನೆ ಸ್ಟೀಲಿಗೆ ಬಡಿದು ನೀರಾಗಿ ಕೆಳಗೆ ಇಳಿಯುತ್ತದೆ. ಫಾಯಿಲ್ ಸುತ್ತಿದರೆ ಹನಿ ಫಾಯಿಲ್ ಒಳಗೇ ಕಟ್ಟಿಕೊಂಡು ಕೆಳಗಿನ ಮಡಿಕೆಯಲ್ಲಿ ನಿಲ್ಲುತ್ತದೆ. ಅದಕ್ಕೇ ಕೆಳಗಿನ ಚಪಾತಿ ನೆನೆಯೋದು.

ನಾವು ಮಾಡುತ್ತಿದ್ದುದು ಹೀಗೆ. ಹಂಚಿನಿಂದ ಇಳಿಸಿದ ಚಪಾತಿಯನ್ನು ತಟ್ಟೆಗೆ ಹಾಕಬೇಡಿ. ತಟ್ಟೆಗೆ ಹಾಕಿದರೆ ಅಡಿ ಕೂಡಲೇ ಬೆವರುತ್ತದೆ. ತಂತಿ ಜಾಳಿಗೆಯ ಮೇಲೆ ಹಾಕಿ. ಜಾಳಿಗೆ ಇಲ್ಲದಿದ್ದರೆ ಬಿದಿರಿನ ಮೊರದ ಮೇಲೆ ಒಣ ಬಟ್ಟೆ ಹಾಸಿ ಅದರ ಮೇಲೆ ಹಾಕಿ. ಒಂದರ ಮೇಲೊಂದು ಪೇರಿಸದೆ ಒಂದು ನಿಮಿಷ ಬಿಡಿ, ಆಮೇಲೆ ತಿರುವಿ ಇನ್ನೊಂದು ನಿಮಿಷ. ಅಷ್ಟರಲ್ಲಿ ಮುಂದಿನ ಚಪಾತಿ ಆಗಿರುತ್ತದೆ. ಒಂದು ಬದಿಗೆ ಎಣ್ಣೆ ಸವರಿ, ಎಣ್ಣೆ ಬದಿ ಒಳಗೆ ಬರುವ ಹಾಗೆ ಅರ್ಧಕ್ಕೆ ಮಡಚಿ. ಕೈ ಹಿಂಭಾಗದಿಂದ ಮುಟ್ಟಿ ನೋಡಿ. ಉಗುರುಬೆಚ್ಚಗೆ ಇದ್ದು ಕೈಗೆ ತೇವ ಹತ್ತದಿದ್ದರೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ.

ಆದರೆ ಪೂರ್ತಿ ತಣ್ಣಗಾಗಲಿ ಅಂತ ಫ್ಯಾನ್ ಕೆಳಗೆ ಬಿಡಬೇಡಿ. ಆಗ ಹಬೆಯ ಜೊತೆ ಚಪಾತಿಯ ಒಳಗಿನ ತೇವವೂ ಹೋಗಿ ಹಪ್ಪಳ ಆಗುತ್ತದೆ. ಕೊನೆಯ ಚಪಾತಿ ಇಳಿದ ಮೇಲೆ ಐದಾರು ನಿಮಿಷ ಸಾಕು. ನೀವು 7:20ಕ್ಕೆ ಡಬ್ಬಿ ಕೊಡಬೇಕು ಅಂದರೆ 6:50ಕ್ಕೆಲ್ಲ ಹಂಚು ಇಳಿಸಿರಬೇಕು. ಕೊನೇ ಗಳಿಗೆಯಲ್ಲಿ ಮಾಡಿದ ಚಪಾತಿಯೇ ಜಾಸ್ತಿ ಒದ್ದೆ ಆಗೋದು.

ಪಲ್ಯದ ಬಗ್ಗೆ ಮತ್ತೆ ಬರೆಯುತ್ತೇನೆ, ಈಗ ಮೊಮ್ಮಗಳನ್ನು ಶಾಲೆಯಿಂದ ಕರೆತರಬೇಕು.

ಮುಲುಂಡ್ ಮನೆ

ಫೋರ್ಟ್ ಅಂದರೆ ಡಬ್ಬಾವಾಲಾ ಹಚ್ಚಬಹುದಲ್ಲ? ನಮ್ಮ ಮನೆಗೆ ಒಂಬತ್ತೂವರೆಗೆ ಬರುತ್ತಾರೆ. ಒಂಬತ್ತಕ್ಕೆ ಅಡುಗೆ ಮಾಡಿದರೆ ಆಯಿತು, ಎರಡು ಗಂಟೆಗೂ ಹೆಚ್ಚು ಉಳಿಯುತ್ತದೆ. ಒಂದೇ ಮಾತು, ತೆಳು ಸಾರು ಕಂಠಪೂರ್ತಿ ತುಂಬಬಾರದು. ಡಬ್ಬಿ ಸೈಕಲ್, ರೈಲು, ಗಾಡಿ ಅಂತ ಕೈ ಬದಲಾಗುತ್ತಾ ಹೋಗುತ್ತದೆ.

ಡೊಂಬಿವಲಿ ಪೂರ್ವ

ವಿಚಾರಿಸಿದ್ದೆ ಮುಲುಂಡ್ ಅವರೇ. ಆದರೆ ನಾನೂ ಎಂಟೂವರೆಗೆ ಕೆಲಸಕ್ಕೆ ಹೊರಡಬೇಕು, ಒಂಬತ್ತೂವರೆಗೆ ಮನೆಯಲ್ಲಿ ಯಾರೂ ಇರಲ್ಲ.

ಮಡಗಾಂವ್ ಅಮ್ಮ

ನಾನೂ ಇದನ್ನೇ ಕೇಳಬೇಕು ಅಂತಿದ್ದೆ. ಮಗನಿಗೆ ಶಾಲೆಗೆ ಮೊಸರನ್ನ ಕಟ್ಟುತ್ತೇನೆ. ಹನ್ನೆರಡಕ್ಕೆಲ್ಲ ಹುಳಿ ಬಂದು ಹಾಗೇ ವಾಪಸ್ ತರುತ್ತಾನೆ. ಗೋವಾದ ಸೆಕೆ ಗೊತ್ತಲ್ಲ. ಒಳ್ಳೆ ಗಟ್ಟಿ ಮೊಸರನ್ನೇ ಹಾಕುತ್ತೇನೆ. ಯಾವ ಡಬ್ಬಿ ತಗೊಂಡರೆ ಹುಳಿ ಬರಲ್ಲ?

ಕೋಥ್ರೂಡ್ ಕುಕ್ಕರ್

ಮಡಗಾಂವ್ ಅವರೇ, ಡಬ್ಬಿ ಬದಲಿಸಿ ಉಪಯೋಗ ಇಲ್ಲ. ಮೊಸರು ಕಡಿಮೆ ಮಾಡಿ, ಹಾಲು ಹಾಕಿ. ಒಂದು ಬಟ್ಟಲು ಮೆತ್ತಗೆ ಬೆಂದ ಅನ್ನ ಕಿವುಚಿ ಆರಿಸಿ. ಕಾಯಿಸಿ ಆರಿಸಿದ ಹಾಲು ಮುಕ್ಕಾಲು ಬಟ್ಟಲು, ಸಿಹಿ ಮೊಸರು ಒಂದೇ ಚಮಚ. ಬೆಳಿಗ್ಗೆ ನೋಡಿದರೆ ಪಾಯಸದ ಹಾಗೆ ತೆಳ್ಳಗಿರುತ್ತದೆ, ಹೆದರಬೇಡಿ. ಅನ್ನ ಹಾಲು ಕುಡಿದು, ಹಾಲು ಹೆಪ್ಪಾಗಿ, ಮಧ್ಯಾಹ್ನಕ್ಕೆ ಹದವಾದ ಮೊಸರನ್ನ ಆಗಿರುತ್ತದೆ. ಸೌತೆಕಾಯಿ ತುರಿ ಮಾತ್ರ ಬೇಡ, ನೀರು ಬಿಡುತ್ತದೆ. ದಾಳಿಂಬೆ ಹಾಕಿ, ಹುಡುಗರಿಗೆ ಇಷ್ಟ ಆಗುತ್ತದೆ.

ಹಾಲು ಬಿಸಿ ಇರುವಾಗ ಮೊಸರು ಸೇರಿಸಿದರೆ ಬೇಗ ಹುಳಿಯುತ್ತದೆ. ನಿಮ್ಮಲ್ಲಿ ಸೆಕೆ ಜಾಸ್ತಿ, ಹಾಗಾಗಿ ಹಾಲು ಪೂರ್ತಿ ತಣ್ಣಗಿರಲಿ.

ಪಲ್ಯದ ವಿಷಯಕ್ಕೆ ಬಂದರೆ, ಉಪ್ಪು ಕೊನೆಯಲ್ಲಿ ಹಾಕಿದರೆ ಯಾವ ತರಕಾರಿಯೂ ನೀರು ಬಿಡಲ್ಲ. ಅದೊಂದು ನೆನಪಿಟ್ಟುಕೊಂಡರೆ ಸಾಕು.

ಖಾನಾವಳಿ ಅಕ್ಕ, ಪುಣೆ

ಮೊಸರನ್ನ ಚೆನ್ನಾಗಿ ಹೇಳಿದಿರಿ. ಉಪ್ಪಿನ ಮಾತು ಬೆಂಡೆಕಾಯಿಗೆ ಮಾತ್ರ ಒಪ್ಪುತ್ತೇನೆ.

ಬೆಂಡೆಕಾಯಿ ತೊಳೆದು, ಒಂದೊಂದನ್ನೂ ಒರೆಸಿ, ಒಣಗಿದ ಮೇಲೆ ಹೆಚ್ಚಬೇಕು. ಮುಚ್ಚಳ ಹಾಕಬಾರದು. ಅಂಟು ಹೋಗುವ ತನಕ ಹುರಿದು, ಇಳಿಸುವ ಮೊದಲು ಉಪ್ಪು. ಸ್ವಲ್ಪ ಹುಣಸೆರಸ ಅಥವಾ ಅಮಸೂಲು ಹಾಕಿದರೆ ಲೋಳೆ ಬೇಗ ಬಿಡುತ್ತದೆ.

ಕೋಸು ಹಾಗಲ್ಲ. ಅದರಲ್ಲಿ ನೀರು ಇದ್ದೇ ಇದೆ, ಉಪ್ಪು ಬಿದ್ದಾಗ ಹೊರಗೆ ಬರುತ್ತದೆ. ಕೊನೆಯಲ್ಲಿ ಉಪ್ಪು ಹಾಕಿ ಇಳಿಸಿದರೆ ಆ ನೀರು ಒಲೆಯ ಮೇಲೆ ಬಿಡುವ ಬದಲು ಡಬ್ಬಿಯಲ್ಲಿ ಬಿಡುತ್ತದೆ. ಡೊಂಬಿವಲಿ ತಂಗಿಯ ಡಬ್ಬಿಯಲ್ಲಿ ನಿಂತ ನೀರು ಅದೇ ಇರಬೇಕು. ಕೋಸಿಗೆ ಒಗ್ಗರಣೆಯಲ್ಲಿ ಹಾಕಿದ ಎರಡು ನಿಮಿಷಕ್ಕೇ ಉಪ್ಪು ಹಾಕಿ, ಅಗಲ ಬಾಣಲೆಯಲ್ಲಿ ಮುಚ್ಚದೆ, ಉರಿ ಜೋರಿಟ್ಟು ಕೈಯಾಡಿಸಿ. ನೀರು ಬರಲಿ, ಇಂಗಲಿ. ಪಲ್ಯವನ್ನು ಒಂದು ಬದಿಗೆ ಸರಿಸಿ ಬಾಣಲೆ ಸ್ವಲ್ಪ ಓರೆ ಮಾಡಿ ನೋಡಿ. ಕೆಳಗೆ ನೀರು ಇಳಿದು ಬಂದರೆ ಇನ್ನೂ ಆಗಿಲ್ಲ. ಎಣ್ಣೆ ಮಾತ್ರ ಮಿನುಗಿದರೆ ಇಳಿಸಿ.

ಇಳಿಸುವ ಮೊದಲು ನಾವು ಒಂದು ದೊಡ್ಡ ಚಮಚ ಹುರಿದ ಶೇಂಗಾ ಪುಡಿ ಹಾಕುತ್ತಿದ್ದೆವು, ಇಲ್ಲಾ ಗುರೆಳ್ಳು ಪುಡಿ. ಉಳಿದ ತೇವ ಅದು ಹೀರುತ್ತದೆ, ರುಚಿಯೂ ಏರುತ್ತದೆ. ಹೀರೆಕಾಯಿ, ಸೋರೆಕಾಯಿ, ಪಡವಲ ಡಬ್ಬಿಗೆ ಬೇಡವೇ ಬೇಡ. ಅವನ್ನು ರಾತ್ರಿ ಊಟಕ್ಕೆ ಮಾಡಿಕೊಳ್ಳಿ.

ಕುಂದಾಪುರ ಟು ಕಾಂದಿವಲಿ

ಅಕ್ಕ, ನಮ್ಮ ಕಡೆ ತೆಂಗಿನ ತುರಿ ಇಲ್ಲದೆ ಪಲ್ಯ ಇಲ್ಲ. ಅದಕ್ಕೇನು ಮಾಡೋದು? ಏಪ್ರಿಲ್, ಮೇನಲ್ಲಿ ಮಧ್ಯಾಹ್ನಕ್ಕೆಲ್ಲ ವಾಸನೆ ಬಂದುಬಿಡುತ್ತದೆ.

ಖಾನಾವಳಿ ಅಕ್ಕ, ಪುಣೆ

ಹಸಿ ತುರಿಯನ್ನು ಮೇಲೆ ಉದುರಿಸಿ ಡಬ್ಬಿಗೆ ಹಾಕಬೇಡಿ. ಒಲೆ ಆರಿಸುವ ಮೊದಲೇ ಹಾಕಿ ಎರಡು ಮೂರು ನಿಮಿಷ ಪಲ್ಯದ ಜೊತೆ ಚೆನ್ನಾಗಿ ಹುರಿಯಿರಿ. ಕಡು ಬೇಸಿಗೆಯಲ್ಲಿ ಕೊಬ್ಬರಿ ತುರಿ ಹಾಕಿ, ಇಲ್ಲವೇ ಬಿಟ್ಟೇಬಿಡಿ. ತೆಂಗಿನಕಾಯಿ ಚಟ್ನಿಯಂತೂ ಡಬ್ಬಿಗೆ ನಾನು ಯಾವತ್ತೂ ಕೊಟ್ಟಿಲ್ಲ. ಇಡ್ಲಿ ಕೊಟ್ಟರೆ ಚಟ್ನಿಪುಡಿ, ಎಣ್ಣೆ ಕೊಡುತ್ತಿದ್ದೆ. ಇಡ್ಲಿ ಆರಿದ ಮೇಲೆ ಎರಡೂ ಬದಿಗೆ ಪುಡಿ, ಎಣ್ಣೆ ಸವರಿ ಕಟ್ಟಿದರೆ ಒಣಗೋದೂ ಇಲ್ಲ, ಒಂದಕ್ಕೊಂದು ಅಂಟೋದೂ ಇಲ್ಲ.

ವಾಶಿ ಸೆಕ್ಟರ್ 17

ನಮ್ಮ ಅತ್ತೆ ಚಪಾತಿ ಕೆಳಗೆ ಪೇಪರ್ ಹಾಕಿ ಕಟ್ಟುತ್ತಾರೆ, ಹಳೇ ನ್ಯೂಸ್‌ಪೇಪರ್. ನೀರೆಲ್ಲ ಹೀರಿಕೊಳ್ಳುತ್ತದೆ. ಬಟ್ಟೆ ತೊಳೆಯುವ ಕೆಲಸ ಇಲ್ಲ.

ಅಂಧೇರಿ ಲ್ಯಾಬ್

ನ್ಯೂಸ್‌ಪೇಪರ್ ದಯವಿಟ್ಟು ಬೇಡ. ಬಿಸಿ, ಎಣ್ಣೆ ತಾಗಿದರೆ ಶಾಯಿ ಊಟಕ್ಕೆ ಇಳಿಯುತ್ತದೆ. ಎಫ್‌ಎಸ್‌ಎಸ್‌ಎಐ 2016ರಲ್ಲೇ ಇದರ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ಬಟ್ಟೆ ಬೇಡ ಅಂದರೆ ಬಟರ್ ಪೇಪರ್ ಬಳಸಿ. ಅತ್ತೆಯವರಿಗೂ ಹೇಳಿ.

ನಾನು ಆಹಾರ ಪರೀಕ್ಷೆ ಮಾಡುವ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ಡೊಂಬಿವಲಿ ಅವರೇ, ನೀವು ಸ್ವಲ್ಪ ಅನ್ನವನ್ನೂ ಕಟ್ಟುತ್ತೀರಿ ಅಂದಿರಿ. ಚಪಾತಿಗೆ ಅಕ್ಕ ಹೇಳಿದ ಉಗುರುಬೆಚ್ಚಗಿನ ಹದ ಅನ್ನಕ್ಕೆ ಹಾಕಬೇಡಿ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಣ ಇರಬಹುದು. ಅನ್ನ ಬೆಂದರೂ ಅದು ಸಾಯಲ್ಲ. ಆಮೇಲೆ ಅನ್ನ ಗಂಟೆಗಟ್ಟಲೆ ಬೆಚ್ಚಗೆ ಇದ್ದರೆ ಬೆಳೆಯುತ್ತದೆ. ವಾಂತಿ ಬರಿಸುವ ವಿಷ ಅನ್ನದಲ್ಲಿ ಒಮ್ಮೆ ಆಗಿಬಿಟ್ಟರೆ ಮತ್ತೆ ಬಿಸಿ ಮಾಡಿದರೂ ಹೋಗಲ್ಲ. ವಾಸನೆ ನೋಡಿಯೂ ಗೊತ್ತಾಗಲ್ಲ.

ಅನ್ನಕ್ಕೆ ಎರಡೇ ದಾರಿ. ಒಂದು, ಠಾಣೆಯವರ ಹಾಗೆ ಕಾಯಿಸಿದ ಥರ್ಮಸ್ ಡಬ್ಬಿಯಲ್ಲಿ ಹೊಗೆಯಾಡುವ ಅನ್ನ ತುಂಬಿ, 60 ಡಿಗ್ರಿಗಿಂತ ಮೇಲೆ ಇರುವಂತೆ ನೋಡಿಕೊಳ್ಳೋದು. ಅರ್ಧ ಖಾಲಿ ಡಬ್ಬಿ ಬೇಗ ಆರುತ್ತದೆ, ಹಾಗಾಗಿ ಪೂರ್ತಿ ತುಂಬಬೇಕು. ಇನ್ನೊಂದು, ಅಗಲ ತಟ್ಟೆಯಲ್ಲಿ ತೆಳ್ಳಗೆ ಹರಡಿ ಬೇಗ ಆರಿಸಿ, ತಣ್ಣಗಾದ ಮೇಲೆ ಕಟ್ಟೋದು. ಕುಕ್ಕರ್‌ನಿಂದ ನೇರ ಡಬ್ಬಿಗೆ ಹಾಕಿ, ಸಾಧಾರಣ ಮುಚ್ಚಳ ಒತ್ತಿಬಿಟ್ಟರೆ ಅದೇ ಎಲ್ಲಕ್ಕಿಂತ ಕೆಟ್ಟದ್ದು. ಮಧ್ಯಾಹ್ನದವರೆಗೂ ಬೆಚ್ಚಗೇ ಇರುತ್ತದೆ.

ಠಾಣೆ ಘೋಡಬಂದರ್

ಹಾಗಾದರೆ ಪುಳಿಯೋಗರೆ, ಚಿತ್ರಾನ್ನ? ನಮ್ಮಜ್ಜಿ ಪುಳಿಯೋಗರೆ ಬುತ್ತಿ ಕಟ್ಟಿಕೊಂಡು ತಿರುಪತಿಗೆ ಹೋಗುತ್ತಿದ್ದರು. ಏನೂ ಆಗುತ್ತಿರಲಿಲ್ಲ.

ಅಂಧೇರಿ ಲ್ಯಾಬ್

ಪುಳಿಯೋಗರೆ ಅನ್ನದ ಅಡುಗೆಗಳಲ್ಲೇ ಗಟ್ಟಿ ಪ್ರಯಾಣಿಕ. ಹುಣಸೆಯ ಹುಳಿಯಲ್ಲಿ ಬ್ಯಾಕ್ಟೀರಿಯಾ ಬೆಳೆಯೋದು ಕಷ್ಟ. ಎಣ್ಣೆ ಇರೋದರಿಂದ ಅಗುಳು ಅಂಟಲ್ಲ, ಒಣಗಲ್ಲ. ಆದರೆ ಗೊಜ್ಜು ಧಾರಾಳ ಇರಬೇಕು, ಪ್ರತಿ ಅಗುಳಿಗೂ ಹತ್ತಬೇಕು. ಬಣ್ಣಕ್ಕೆ ಅಂತ ಒಂದು ಚಮಚ ಕಲಸಿದರೆ ಬರೀ ಅನ್ನದ ಹಾಗೇ ಲೆಕ್ಕ. ಚಿತ್ರಾನ್ನದ ನಿಂಬೆಹುಳಿ ಸಾಮಾನ್ಯವಾಗಿ ಅಷ್ಟು ಇರಲ್ಲ, ಅದಕ್ಕೆ ಅನ್ನ ಆರಿಸೋದು ಬಿಡಬೇಡಿ.

ಕೋಥ್ರೂಡ್ ಕುಕ್ಕರ್

ನಾನು ಚಿತ್ರಾನ್ನಕ್ಕೆ ಹಿಂದಿನ ರಾತ್ರಿಯ ಅನ್ನವನ್ನೇ ಬಳಸುತ್ತೇನೆ. ಊಟ ಆದ ಕೂಡಲೇ ಫ್ರಿಜ್‌ಗೆ ಹಾಕಿದ್ದು. ಅಗುಳು ಬಿಡಿಬಿಡಿಯಾಗಿ ಇರುತ್ತದೆ, ಹೊಸ ಅನ್ನದಲ್ಲಿ ಅದು ಬರಲ್ಲ.

ಖಾನಾವಳಿ ಅಕ್ಕ, ಪುಣೆ

ರಾತ್ರಿ ಅನ್ನ ನಾವು ಡಬ್ಬಿಗೆ ಹಾಕಿಲ್ಲ, ಹಾಕೋದೂ ಇಲ್ಲ. ಬೆಳಿಗ್ಗೆ ಅನ್ನವನ್ನೇ ನೀರು ಸ್ವಲ್ಪ ಕಡಿಮೆ ಇಟ್ಟು ಮಾಡಿ. ಕುಕ್ಕರ್ ಬಿಚ್ಚಿದ ಕೂಡಲೇ ಪರಾತದಲ್ಲಿ ಹರಡಿ ಒಂದು ಚಮಚ ಎಣ್ಣೆ ಹಾಕಿ ಫೋರ್ಕ್‌ನಿಂದ ಬಿಡಿಸಿದರೆ ಬಿಡಿಬಿಡಿಯಾಗುತ್ತದೆ.

ಅಂಧೇರಿ ಲ್ಯಾಬ್

ಬೇಗ ಫ್ರಿಜ್‌ಗೆ ಹೋಗಿ, ಬೆಳಿಗ್ಗೆ ಬಾಣಲೆಯಲ್ಲಿ ಹೊಗೆ ಬರುವಷ್ಟು ಬಿಸಿಯಾದರೆ ನನ್ನ ಪ್ರಕಾರ ಮನೆಯಲ್ಲಿ ತಿನ್ನಲು ತೊಂದರೆ ಇಲ್ಲ. ಅದನ್ನು ಮತ್ತೆ ಆರು ಗಂಟೆ ಡಬ್ಬಿಯಲ್ಲಿ ಇಡೋದಾದರೆ ನಾನು ಹಿಂಜರಿಯುತ್ತೇನೆ. ಮುಂಬಯಿ ಸೆಕೆಯಲ್ಲಂತೂ ಇನ್ನೂ.

ಕೋಥ್ರೂಡ್ ಕುಕ್ಕರ್

ಆಫೀಸಿನಲ್ಲಿ ಫ್ರಿಜ್ ಇದೆ, ಒಂಬತ್ತಕ್ಕೆಲ್ಲ ಅದರಲ್ಲಿ ಇಡುತ್ತೇನೆ. ಹಾಗಾಗಿ ನಾನು ಮುಂದುವರಿಸುತ್ತೇನೆ. ಫ್ರಿಜ್ ಇಲ್ಲದವರು ನೋಡಿಕೊಳ್ಳಿ.

ವಿಜಯಪುರ ಹುಡುಗ, ಹಿಂಜೆವಾಡಿ

ಇಷ್ಟೆಲ್ಲ ತ್ರಾಸ ಯಾಕ್ರೀ? ಖಡಕ್ ಜೋಳದ ರೊಟ್ಟಿ ಕಟ್ಟಿ. ಅದರಲ್ಲಿ ನೀರಿನ ಅಂಶವೇ ಇಲ್ಲ, ಬೆವರೋದು ಎಲ್ಲಿಂದ? ಊರಿಂದ ಅವ್ವ ಕಳಿಸಿದ್ದು ವಾರಗಟ್ಟಲೆ ಇರುತ್ತದೆ. ಶೇಂಗಾ ಹಿಂಡಿ, ಎಣ್ಣೆ, ಒಂದು ಉಳ್ಳಾಗಡ್ಡಿ ಇದ್ದರೆ ಊಟ ಆಯಿತು. ಎಣ್ಣೆಗಾಯಿ ಒಯ್ದರೆ ಮಾತ್ರ ಬೇರೆ ಡಬ್ಬಿಯಲ್ಲಿ. ಮಳೆಗಾಲದಲ್ಲಿ ರೊಟ್ಟಿಗೆ ಬಿಗಿ ಮುಚ್ಚಳದ ಡಬ್ಬಿ ಬೇಕು, ಚಪಾತಿಗೆ ಉಲ್ಟಾ. ಹೊರಗಿನ ಗಾಳಿಯ ತೇವ ತಾಗಿದರೆ ಮೆತ್ತಗಾಗುತ್ತದೆ.

ಡೊಂಬಿವಲಿ ಪೂರ್ವ

ಅಕ್ಕ, ನೀವು ಹೇಳಿದ ಹಾಗೆ ಮಾಡಿದೆ. ಮುಚ್ಚಳದಲ್ಲಿ ಹನಿ ಕಟ್ಟಿದ್ದು ನಿಜ. ಈಗ ಜಾಳಿಗೆ ಮೇಲೆ ಆರಿಸಿ, ಹಳೇ ಪಂಚೆ ಹರಿದು ಮಾಡಿದ ಬಟ್ಟೆಯಲ್ಲಿ ಸುತ್ತುತ್ತಿದ್ದೇನೆ. ಕೆಳಗಿನ ಚಪಾತಿ ಒದ್ದೆ ಆಗೋದು ನಿಂತಿದೆ. ಕೋಸಿನ ಪಲ್ಯಕ್ಕೆ ಶೇಂಗಾ ಪುಡಿ ಹಾಕಿದ್ದಕ್ಕೆ ಇನ್ನೂ ಬೇಕು ಅಂದರಂತೆ ಆಫೀಸಿನವರು. ಆದರೆ ಅಂಚು ಗಟ್ಟಿ ಆಗೋದು ಹಾಗೇ ಇದೆ. ಇದಕ್ಕೇನು?

ಖಾನಾವಳಿ ಅಕ್ಕ, ಪುಣೆ

ನೀವು ಮಾಡೋದು ಫುಲ್ಕಾನಾ? ಒಂದು ಚಪಾತಿಗೆ ಹಂಚಿನ ಮೇಲೆ ಎಷ್ಟು ಹೊತ್ತು ಹಿಡಿಯುತ್ತದೆ?

ಡೊಂಬಿವಲಿ ಪೂರ್ವ

ಹೌದು, ಹಂಚಿನ ಮೇಲೆ ಅರ್ಧ ಬೇಯಿಸಿ ಉರಿಯ ಮೇಲೆ ಉಬ್ಬಿಸುತ್ತೇನೆ. ಎಲ್ಲ ಸೇರಿ ಮೂರು ನಿಮಿಷ ಆಗಬಹುದು. ಸುಡುತ್ತದೆ ಅಂತ ಉರಿ ಸಣ್ಣ ಇಡುತ್ತೇನೆ.

ಖಾನಾವಳಿ ಅಕ್ಕ, ಪುಣೆ

ಅದೇ ಕಾರಣ. ಸಣ್ಣ ಉರಿಯಲ್ಲಿ ಮೂರು ನಿಮಿಷ ಇದ್ದರೆ ಚಪಾತಿ ಬೇಯೋದಕ್ಕಿಂತ ಒಣಗೋದು ಜಾಸ್ತಿ. ಅಂಚು ತೆಳ್ಳಗಿದ್ದರೆ ಅದು ಮೊದಲು ಒಣಗುತ್ತದೆ. ಹಂಚು ಚೆನ್ನಾಗಿ ಕಾದಿರಬೇಕು. ಹಾಕಿದ 15, 20 ಸೆಕೆಂಡಿಗೆ ಮೇಲೆ ಸಣ್ಣ ಸಣ್ಣ ಗುಳ್ಳೆ ಬರಬೇಕು, ಆಗ ತಿರುವಿ. ಒಟ್ಟು ಒಂದೂವರೆ ನಿಮಿಷದೊಳಗೆ ಮುಗಿಯಬೇಕು. ಅಷ್ಟರಲ್ಲಿ ಗುಳ್ಳೆ ಬರದೆ ಚಪಾತಿ ಬೆಳ್ಳಗೇ ಇದ್ದರೆ ಹಂಚು ಕಾದಿಲ್ಲ ಅಂತ ಅರ್ಥ.

ಇನ್ನೊಂದು, ಫುಲ್ಕಾ ಬಿಸಿ ಬಿಸಿ ತಿನ್ನಲಿಕ್ಕೆ ಚೆಂದ, ಡಬ್ಬಿಗಲ್ಲ. ನಿಮ್ಮ ಪಕ್ಕದ ಮನೆಯ ಮರಾಠಿ ಅಕ್ಕಂದಿರು ಮಾಡುವ ಘಡೀಚಿ ಪೋಳಿ ಮಾಡಿ. ಸಣ್ಣ ಪೂರಿಯಷ್ಟು ಲಟ್ಟಿಸಿ, ಎಣ್ಣೆ ಸವರಿ ಚಿಟಿಕೆ ಹಿಟ್ಟು ಉದುರಿಸಿ ಅರ್ಧಕ್ಕೆ ಮಡಚಿ. ಮತ್ತೆ ಎಣ್ಣೆ ಸವರಿ ಮಡಚಿದರೆ ಮುಕ್ಕೋನ ಆಗುತ್ತದೆ. ಅದನ್ನು ಅಂಚಿನಿಂದ ಲಟ್ಟಿಸಿ, ನಡುವೆ ತೆಳ್ಳಗೆ ಮಾಡಬೇಡಿ, ಅಂಚನ್ನೂ ತೀರ ತೆಳು ಬಿಡಬೇಡಿ. ಒಳಗಿನ ಎಣ್ಣೆಯ ಪದರ ತೇವವನ್ನು ಹಿಡಿದಿಡುತ್ತದೆ. ಹಿಟ್ಟು ಸ್ವಲ್ಪ ಸಡಿಲ ಕಲಸಿ, ಅರ್ಧ ಗಂಟೆ ನೆನೆಯಲಿ. ಬೆಳಿಗ್ಗೆ ಹೊತ್ತಿಲ್ಲದಿದ್ದರೆ ರಾತ್ರಿ ಕಲಸಿ ಫ್ರಿಜ್‌ನಲ್ಲಿ ಇಡಿ, ಆದರೆ ತಣ್ಣನೆ ಹಿಟ್ಟನ್ನೇ ಲಟ್ಟಿಸಬೇಡಿ, ಇಪ್ಪತ್ತು ನಿಮಿಷ ಹೊರಗಿರಲಿ.

ಮುಲುಂಡ್ ಮನೆ

ನಾನು ಹಿಟ್ಟಿಗೆ ಹಾಲು ಹಾಕಿ ಕಲಸುತ್ತೇನೆ, ಸಂಜೆವರೆಗೂ ಮೆತ್ತಗಿರುತ್ತದೆ.

ಕುಂದಾಪುರ ಟು ಕಾಂದಿವಲಿ

ಹಾಲು ಹಾಕಿದ್ದು ಬೇಸಿಗೆಯಲ್ಲಿ ನಮ್ಮಲ್ಲಿ ವಾಸನೆ ಬಂತು. ನಾವು ಬಿಸಿನೀರಲ್ಲಿ ಕಲಸುತ್ತೇವೆ.

ಡೊಂಬಿವಲಿ ಪೂರ್ವ

ನಾಳೆಯಿಂದ ಪೋಳಿ ಮಾಡಿ ನೋಡುತ್ತೇನೆ ಅಕ್ಕ. ಒಂದು ಪ್ರಶ್ನೆ. ಈ ಮಳೆಯಲ್ಲಿ ಬಟ್ಟೆ ಒಣಗೋದೇ ಇಲ್ಲ, ಏನು ಮಾಡಲಿ?

ಖಾನಾವಳಿ ಅಕ್ಕ, ಪುಣೆ

ಹಸಿ ಬಟ್ಟೆ ಸುತ್ತೋದಕ್ಕಿಂತ ಸುತ್ತದೇ ಇರೋದು ವಾಸಿ, ಮುಗ್ಗಲು ವಾಸನೆ ಚಪಾತಿಗೆ ಹತ್ತುತ್ತದೆ. ನಾಲ್ಕೈದು ಬಟ್ಟೆ ಮಾಡಿಟ್ಟುಕೊಳ್ಳಿ. ಎಣ್ಣೆ ಹತ್ತಿರುತ್ತದೆ, ಬಿಸಿನೀರಲ್ಲೇ ಒಗೆಯಿರಿ. ಬೆಳಿಗ್ಗೆ ಹಿಟ್ಟು ನೆನೆಯುವಾಗ ಒಂದಕ್ಕೆ ಬಿಸಿ ಇಸ್ತ್ರಿ ಹಾಕಿ, ಎರಡು ನಿಮಿಷದ ಕೆಲಸ. ಕರೆಂಟ್ ಇಲ್ಲದ ದಿನ ಬಟರ್ ಪೇಪರ್.

ವಾಶಿ ಸೆಕ್ಟರ್ 17

ಅತ್ತೆಗೆ ಹೇಳಿದೆ. ಬಟರ್ ಪೇಪರ್ ಆಯಿತು, ಆದರೆ ಎರಡು ಪದರ ಹಾಕಬೇಕಾ, ಒಂದು ಸಾಕಾ ಅಂತ ಕೇಳುತ್ತಿದ್ದಾರೆ.

ಅಂಧೇರಿ ಲ್ಯಾಬ್

ಒಂದು ಸಾಕು. ನಾಲ್ಕೂ ಬದಿ ಬಿಗಿಯಾಗಿ ಮಡಚದೆ ಮೇಲೆ ಸ್ವಲ್ಪ ಬಾಯಿ ಬಿಟ್ಟಿರಲಿ.